ದಂಡ ಕಟ್ಟಲು ರೊಕ್ಕ ಇಲ್ಲವೇ? ಕಂತು ಕೇಳುವುದು ಹೀಗೆ

ಬ್ಯಾಡಗಿಯ ಒಬ್ಬ ಸಣ್ಣ ಮೆಣಸಿನಕಾಯಿ ವ್ಯಾಪಾರಿ ಅಂದುಕೊಳ್ಳಿ. ಅವರು ಕೊಟ್ಟ 80,000 ರೂಪಾಯಿಯ ಚೆಕ್ ಬೌನ್ಸ್ ಆಯಿತು. ಜೂನ್ 2ಕ್ಕೆ ತೀರ್ಪು ಬಂತು: 90,000 ರೂಪಾಯಿ ದಂಡ, ಕಟ್ಟದಿದ್ದರೆ 3 ತಿಂಗಳು ಸಾದಾ ಸಜೆ. ಕಿಸೆಯಲ್ಲಿರುವುದು ಎಂಟು ಸಾವಿರ. ಅಂದೇ ಜೈಲಿಗೆ ಹೋಗಬೇಕಾ? ಬೇಕಿಲ್ಲ. ಆದರೆ ಕೇಳಬೇಕಾದ್ದು ಅಂದೇ.

ಮೊದಲು ತೀರ್ಪಿನ ಕೊನೆಯ ಪ್ಯಾರಾ ಓದಿಸಿಕೊಳ್ಳಿ. ಬರೀ ದಂಡ, ಅದು ತಪ್ಪಿದರೆ ಸಜೆ ಎಂದಿದ್ದರೆ ಮಾತ್ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 464ನೇ ಕಲಂ ಅನ್ವಯಿಸುತ್ತದೆ. ದಂಡದ ಜೊತೆ ನೇರ ಜೈಲು ಶಿಕ್ಷೆಯೂ ಇದ್ದರೆ ಈ ದಾರಿ ಇಲ್ಲ, ಮೇಲ್ಮನವಿಯ ಮಾತಾಡಬೇಕು.

ಅದೇ ದಿನ ವಕೀಲರಿಂದ ಅರ್ಜಿ ಹಾಕಿಸಿ. 'ಬಡವನಿದ್ದೇನೆ' ಎಂದಷ್ಟೇ ಬರೆದರೆ ಸಾಲದು. ದುಡ್ಡು ಎಲ್ಲಿಂದ, ಯಾವಾಗ ಬರುತ್ತದೆ ಎಂಬುದನ್ನು ಬರೆಸಿ. ಜಾಮೀನು ಕೊಡುವವರನ್ನು ಉತಾರ, ಆಧಾರ್ ಸಮೇತ ಕರೆದುಕೊಂಡು ಹೋಗಿ. ಕೋರ್ಟ್ ಬಾಂಡ್ ಬರೆಸಿಕೊಂಡು ನಿಮ್ಮನ್ನು ಬಿಡುತ್ತದೆ. ಜಾಮೀನುದಾರರು ಬೇಕೋ ಬೇಡವೋ ಎಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಕಂತು ಕೊಡುವುದೂ ಅಷ್ಟೇ, ಅದು ಹಕ್ಕಲ್ಲ.

ಸಿಗುವ ಸಮಯ ಎಷ್ಟು? ಪೂರ್ತಿ ಒಮ್ಮೆಗೇ ಕಟ್ಟುವುದಾದರೆ 30 ದಿನ. ಕಂತಾದರೆ ಎರಡು ಅಥವಾ ಮೂರು. ಮೊದಲನೆಯದು 30 ದಿನದೊಳಗೆ, ಉಳಿದವಕ್ಕೆ ನಡುವೆ 30 ದಿನ ಮೀರದ ಅಂತರ. ನಮ್ಮ ವ್ಯಾಪಾರಿಗೆ ಮೂವತ್ತು ಸಾವಿರದ ಮೂರು ಕಂತು: ಜುಲೈ 2, ಆಗಸ್ಟ್ 1, ಆಗಸ್ಟ್ 31. 'ಪ್ರತಿ ತಿಂಗಳ 2ನೇ ತಾರೀಖು' ಎಂದು ಲೆಕ್ಕ ಹಾಕಿದರೆ ಎಡವುತ್ತೀರಿ. ಜುಲೈ 2ರಿಂದ ಆಗಸ್ಟ್ 2ಕ್ಕೆ 31 ದಿನ. ಆ ದಿನಗಳು ಕೋರ್ಟ್ ರಜೆಯಾ ಎಂದೂ ನೋಡಿಕೊಳ್ಳಿ. ಬಾಂಡ್‌ನಲ್ಲಿ ಹೇಳಿದ ತಾರೀಖಿಗೆ ನೀವೂ ಹಾಜರಿರಬೇಕು. ಪ್ರತಿ ಸಲ ರಸೀದಿ ಪಡೆದು, ಕೇಸ್ ನಂಬರ್ ಸರಿ ಇದೆಯಾ ಎಂದು ಅಲ್ಲೇ ನಿಂತು ನೋಡಿ.

ಒಂದು ಕಂತು ತಪ್ಪಿದರೂ ಸಜೆ ಜಾರಿಗೆ ಆದೇಶ ಮಾಡಬಹುದು. ಹಾಗೆಂದು ಕಟ್ಟಿದ್ದು ವ್ಯರ್ಥವಾಗುವುದಿಲ್ಲ ಬಿಡಿ. ಮೂರನೇ ಕಂತಿಗೆ ರೊಕ್ಕ ಹೊಂದಲಿಲ್ಲ ಎನ್ನಿ. ಮೂರರಲ್ಲಿ ಎರಡು ಪಾಲು ಕಟ್ಟಿಯಾಗಿದೆ, ಉಳಿಯುವ ಸಜೆ ಒಂದೇ ತಿಂಗಳು. ಜೈಲಿಗೆ ಹೋದ ಮೇಲೆ ಮನೆಯವರು ಬಾಕಿ ತುಂಬಿದರೂ ಸಜೆ ಅಲ್ಲಿಗೇ ಮುಗಿಯುತ್ತದೆ.

'ಮೂರು ತಿಂಗಳು ಇದ್ದು ಬಂದರಾಯ್ತು, ದುಡ್ಡು ಉಳೀತು' ಎನ್ನುವವರೂ ಇದ್ದಾರೆ. ಚೆಕ್ ಕೇಸಿನಲ್ಲಿ ದಂಡದ ಬಹುಪಾಲು ದೂರುದಾರರಿಗೆ ಪರಿಹಾರವಾಗಿ ಹೋಗುತ್ತದೆ. ಹಾಗೆ ಪರಿಹಾರದ ಆದೇಶ ಇದ್ದರೆ, ಸಜೆ ಅನುಭವಿಸಿ ಬಂದ ಮೇಲೂ ಆಸ್ತಿಯಿಂದ ವಸೂಲಿಗೆ ಕೋರ್ಟ್ ವಾರಂಟ್ ಹೊರಡಿಸಬಹುದು.

ತೊಂಬತ್ತು ದಿನವೂ ಸಾಲದೇ? ಹಾವೇರಿಯ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಮೇಲ್ಮನವಿ ಹಾಕಿ, ಶಿಕ್ಷೆ ತಡೆಹಿಡಿಯಲು ಕೇಳಬಹುದು. ಅಲ್ಲೂ ಕೈ ಬರಿದಾಗಿರಬಾರದು. ಚೆಕ್ ಕೇಸಾದರೆ ದಂಡದ ಕನಿಷ್ಠ 20 ಪರ್ಸೆಂಟ್, ಅಂದರೆ 18,000 ರೂಪಾಯಿ ಠೇವಣಿ ಇಡಲು ಹೇಳಬಹುದು.