ತುಟಿಗೂ ಮಾತಿಗೂ ತಾಳೆ ಬಂದ ಬಗೆ: ವೈರ್‌ಲೆಸ್ ಇಯರ್‌ಫೋನ್‌ನಲ್ಲಿ ವಿಡಿಯೊ ಎಡಿಟಿಂಗ್

ಧ್ವನಿ ಚಿತ್ರಕ್ಕಿಂತ ತಡವಾಗಿ ಕೇಳುವುದರಿಂದ ವೈರ್‌ಲೆಸ್ ಇಯರ್‌ಫೋನ್ ಹಾಕಿಕೊಂಡು ವಿಡಿಯೊ ಎಡಿಟ್ ಮಾಡುವುದು ಆಗದ ಕೆಲಸ ಎಂದು ನನ್ನ ಜೊತೆ ಕೆಲಸ ಮಾಡುವವರೆಲ್ಲ ಹೇಳುತ್ತಿದ್ದರು. ಈಗ ಕೆಲವು ತಿಂಗಳಿಂದ ಸಂದರ್ಶನಗಳ ಎಡಿಟಿಂಗನ್ನೆಲ್ಲ ಹಾಗೆಯೇ ಮಾಡುತ್ತಿದ್ದೇನೆ, ಒಂದು ಫ್ರೇಮ್ ಕೂಡ ಆಚೀಚೆ ಆಗಿಲ್ಲ. ಲ್ಯಾಪ್‌ಟಾಪ್‌ನಲ್ಲಿರುವುದು ಲಿನಕ್ಸ್, ಅದರಲ್ಲಿ ಧ್ವನಿಯನ್ನು ನಿಭಾಯಿಸುವುದು ಪೈಪ್‌ವೈರ್.

ಮೊದಲು ಕಾಡಿದ್ದು ಪೇರಿಂಗ್. ಪಟ್ಟಿಯಲ್ಲಿ ಇಯರ್‌ಫೋನ್ ಹೆಸರು ಇರುತ್ತಿತ್ತು, ಒತ್ತಿದರೆ ಎರಡು ಮೂರು ಸೆಕೆಂಡ್ ಸಂಪರ್ಕ ಬಂದು ಕಡಿದುಹೋಗುತ್ತಿತ್ತು. ಪೇರಿಂಗ್ ಆದಾಗ ಎರಡೂ ಕಡೆ ಒಂದೇ ಗುಪ್ತ ಕೀಲಿ ಉಳಿದಿರುತ್ತದೆ. ಒಂದು ಕಡೆ ಮಾತ್ರ ಅಳಿಸಿದರೆ ಇನ್ನೊಂದು ಕಡೆ ಹಳೆಯ ಕೀಲಿಯನ್ನೇ ಹಿಡಿದುಕೊಂಡು ಕೂರುತ್ತದೆ. ಆದ್ದರಿಂದ ಲ್ಯಾಪ್‌ಟಾಪ್‌ನಲ್ಲಿ `bluetoothctl remove` ಕೊಟ್ಟು, ಇಯರ್‌ಫೋನನ್ನೂ ಪೂರ್ತಿ ರೀಸೆಟ್ ಮಾಡಿ, ಆ ಹೊತ್ತಿಗೆ ಮೊಬೈಲ್‌ನ ಬ್ಲೂಟೂತ್ ಆರಿಸಿಡಬೇಕು. ಇಲ್ಲದಿದ್ದರೆ ಡಬ್ಬಿಯ ಮುಚ್ಚಳ ತೆರೆದ ಕೂಡಲೇ ಅದು ಮೊಬೈಲಿಗೆ ಹೋಗಿ ಅಂಟಿಕೊಳ್ಳುತ್ತದೆ.

ಆಮೇಲೆ ಶುರುವಾದದ್ದು ಧ್ವನಿಯ ಗುಣಮಟ್ಟದ ಗೋಳು. ಸಂಗೀತ ಚೆನ್ನಾಗಿ ಕೇಳುತ್ತಿರುವಾಗಲೇ ಒಮ್ಮೆಗೆ ಹಳೆಯ ಟೆಲಿಫೋನ್‌ನಂತೆ ಆಗಿಬಿಡುತ್ತಿತ್ತು. ಇದಕ್ಕೆ ಕೊಡೆಕ್, ಅಂದರೆ ಧ್ವನಿಯನ್ನು ಕುಗ್ಗಿಸಿ ಕಳುಹಿಸುವ ಕ್ರಮ, ಕಾರಣವಲ್ಲ. ಯಾವುದೋ ಪ್ರೋಗ್ರಾಮ್ ಇಯರ್‌ಫೋನ್‌ನ ಮೈಕ್ ತೆರೆದ ಕೂಡಲೇ ಸಂಪರ್ಕ ಕರೆಗಳ ಪ್ರೊಫೈಲಿಗೆ ಬದಲಾಗುತ್ತದೆ. ಅಲ್ಲಿ ಸಿಗುವುದು ಒಂದೇ ಚಾನೆಲ್, ಸಾಮಾನ್ಯವಾಗಿ 8 ಅಥವಾ 16 ಕಿಲೊಹರ್ಟ್ಸ್ ಸ್ಯಾಂಪಲಿಂಗ್. ಮೈಕ್ ಆಗಿ ಲ್ಯಾಪ್‌ಟಾಪ್‌ನದನ್ನೇ ಆರಿಸಿದರೆ ಸಾಕು, ಸಂಗೀತಕ್ಕಿರುವ `a2dp-sink` ಪ್ರೊಫೈಲ್ ಕದಲುವುದಿಲ್ಲ. ಇದು ತಿಳಿಯುವ ಮೊದಲು ಹೊಸ ಇಯರ್‌ಫೋನ್ ಕೊಳ್ಳುವಂತೆ ಎಷ್ಟೋ ಜನ ಸಲಹೆ ಕೊಟ್ಟಿದ್ದರು!

ದುಡ್ಡು ಖರ್ಚಾದದ್ದು ಕೊಡೆಕ್‌ಗಾಗಿಯೇ. ಎಲ್‌ಡ್ಯಾಕ್ ಎಂಬ ಕೊಡೆಕ್ ಇರುವ ಎರಡನೆಯ ಜೋಡಿಗೆ ಮೊದಲನೆಯದರ ಮೂರು ಪಟ್ಟು ಬೆಲೆ ತೆತ್ತೆ. 990 ಕೆಬಿಪಿಎಸ್‌ನಲ್ಲಿ ತಾಳದ ಝಣಕು ನಿಜಕ್ಕೂ ಬಿಡಿಯಾಗಿ ಕೇಳುತ್ತದೆ, ಆದರೆ ಪಕ್ಕಕ್ಕೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಶಬ್ದ ಕಡಿಕಡಿದು ಬರುತ್ತಿತ್ತು. ಅದರ ಗದ್ದಲ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಗಳ ಮೇಲೇ ಬೀಳುತ್ತದೆ. ಡಿಸ್ಕನ್ನು ಉದ್ದದ ಕೇಬಲ್‌ನಲ್ಲಿ ದೂರ ಇಟ್ಟೆ, 660ಕ್ಕೆ ಇಳಿಸಿದೆ, ಕಡಿತ ನಿಂತಿತು. ಎಲ್ಲ ಇಯರ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ಸುಮಾರು 328ರಲ್ಲಿ ಓಡುತ್ತದೆ. ಮಾತಿನ ಎಡಿಟಿಂಗ್‌ನಲ್ಲಿ ಇವೆರಡರ ನಡುವೆ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಯಾವ ಕೊಡೆಕ್ ಓಡುತ್ತಿದೆ ಎಂಬುದನ್ನು `pactl list sinks` ಕೊಟ್ಟು `api.bluez5.codec` ಸಾಲಿನಲ್ಲಿ ನೋಡಿಕೊಳ್ಳಿ, ಡಬ್ಬಿಯ ಮೇಲೆ ಬರೆದದ್ದನ್ನು ನಂಬಬೇಡಿ.

ಇನ್ನು ವಿಳಂಬ. ದುಬಾರಿ ಜೋಡಿಯಲ್ಲಿ ಇದು ಕಡಿಮೆಯಾಗಲಿಲ್ಲ, ಎಲ್‌ಡ್ಯಾಕ್‌ನಲ್ಲಿ ಎಸ್‌ಬಿಸಿಗಿಂತ ತುಸು ಹೆಚ್ಚೇ ಇತ್ತು. ಆದರೆ ಅಳೆದು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಒಂದೇ ಕೊಡೆಕ್‌ನಲ್ಲಿ ವಿಳಂಬ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಏರುಪೇರಾಗದ ವಿಳಂಬವನ್ನು ಸರಿದೂಗಿಸಬಹುದು. ಕೆಲಸ ಕೈಗೂಡಿದ್ದು ಇಲ್ಲಿಂದ.

ಅಳೆದ ಕ್ರಮ ಹೀಗೆ. ಒಂದು ಬಿಳಿ ಫ್ರೇಮ್ ಮತ್ತು ಅದೇ ಕ್ಷಣಕ್ಕೆ ಒಂದು ಬೀಪ್ ಇರುವ ಸಣ್ಣ ವಿಡಿಯೊ ಮಾಡಿದೆ. ಅದನ್ನು ಓಡಿಸುತ್ತಾ, ಇನ್ನೊಂದು ಮೊಬೈಲ್‌ನ ಮೈಕಿಗೆ ಇಯರ್‌ಫೋನ್ ತಗುಲಿಸಿ, ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಪರದೆಯನ್ನು ಚಿತ್ರೀಕರಿಸಿದೆ. ಟೈಮ್‌ಲೈನ್‌ಗೆ ಹಾಕಿದಾಗ ಬಿಳಿ ಬಂದ ಏಳು ಫ್ರೇಮ್ ನಂತರ ಬೀಪ್‌ನ ಅಲೆ ಏಳುತ್ತಿತ್ತು. ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್ ಎಂದರೆ 120ರ ಆಸುಪಾಸು. ಇದು ಒಟ್ಟು ವಿಳಂಬವಲ್ಲ. ಪ್ಲೇಯರ್ ತಾನಾಗಿ ಸರಿಪಡಿಸಿಕೊಂಡ ಮೇಲೂ ಉಳಿದ ಪಾಲು, ನಮಗೆ ಬೇಕಾದದ್ದೂ ಅದೇ. ಆ ಪಾಲನ್ನು ಮೈಕ್ರೊಸೆಕೆಂಡ್‌ನಲ್ಲಿ ಹೀಗೆ ಕೊಟ್ಟೆ:

```
pactl set-port-latency-offset bluez_card.XX_XX_XX_XX_XX_XX headset-output 120000
```

ಕಾರ್ಡ್ ಮತ್ತು ಪೋರ್ಟ್‌ಗಳ ಹೆಸರು `pactl list cards`ನಲ್ಲಿ ಸಿಗುತ್ತದೆ. ಈಗ ಪ್ಲೇಯರ್ ಚಿತ್ರವನ್ನು ಅಷ್ಟು ತಡೆದು ತೋರಿಸುತ್ತದೆ. ಮತ್ತೆ ಚಿತ್ರೀಕರಿಸಿ ನೋಡಿದಾಗ ಬೀಪ್ ಬಿಳಿ ಫ್ರೇಮಿನ ಮೇಲೇ ಕೂತಿತ್ತು. ಕೊಡೆಕ್ ಬದಲಿಸಿದರೆ ಮತ್ತೆ ಅಳೆಯಬೇಕು, ಅದಕ್ಕೇ ನಾನು ಎಸ್‌ಬಿಸಿಗೇ ಕಟ್ಟಿಹಾಕಿದ್ದೇನೆ. ಕೆಲವು ಎಡಿಟಿಂಗ್ ತಂತ್ರಾಂಶಗಳು ಈ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಂಥವುಗಳ ಒಳಗೇ ಅದನ್ನು ಕೂರಿಸುವ ಉಪಾಯವೊಂದು ನನ್ನ ಬಳಿ ಇದೆ, ಸದ್ಯಕ್ಕೆ ಅದು ನನ್ನಲ್ಲೇ ಇರಲಿ.

ಇದೇ ದಾರಿಯನ್ನು ಕೀಬೋರ್ಡ್ ನುಡಿಸುವಾಗಲೂ ಪ್ರಯತ್ನಿಸಿದೆ, ಪ್ರಯೋಜನವಾಗಲಿಲ್ಲ. ಚಿತ್ರವನ್ನು ತಡೆದು ನಿಲ್ಲಿಸಬಹುದು, ಬೆರಳನ್ನು ನಿಲ್ಲಿಸಲಾಗದು. ಆಟಗಳಿಗೂ ಇದೇ ಮಿತಿ. ಅಲ್ಲಿ ಸುಮಾರು 40 ಮಿಲಿಸೆಕೆಂಡ್‌ಗೆ ಇಳಿಸುವ ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಕೊಡೆಕ್ ಬೇಕು, ಅದೂ ಎರಡೂ ಕಡೆ ಇದ್ದರೆ ಮಾತ್ರ. ನುಡಿಸುವಾಗ ನಾನು ವೈರ್ ಇರುವುದನ್ನೇ ಹಾಕಿಕೊಳ್ಳುತ್ತೇನೆ.