ಮಾ, ಮು: ಸುಸ್ತೋ, ಕೆಲಸವೇ ನಮ್ಮದಲ್ಲವೋ ಅಂತ ನಾನು ಕಂಡುಕೊಂಡದ್ದು

ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ನಾನು ಕ್ವಾಲಿಟಿ ಹೆಡ್ ಆಗಿದ್ದೆ. ತಿಂಗಳಿಗೆ ಕೈಗೆ 1.4 ಲಕ್ಷದ ಹತ್ತಿರ ಬರುತ್ತಿತ್ತು, ಬೆಳಗಾವಿಯಲ್ಲಿ ಅದು ಸಣ್ಣ ದುಡ್ಡಲ್ಲ. ಆದರೆ ಕೊನೆಯ ಎರಡು ವರ್ಷ ಸಂಬಳ ಬಂದ ಮೆಸೇಜ್ ನೋಡಿದರೂ ಏನೂ ಅನಿಸುತ್ತಿರಲಿಲ್ಲ. ರಜೆ ಹಾಕಿ ಗೋವಾಕ್ಕೆ ಹೋಗಿ ಬಂದೆ, ಮೂರನೇ ದಿನಕ್ಕೆ ಮತ್ತೆ ಅದೇ ಹಾಡು. ಇದನ್ನೆಲ್ಲ ನೀವೂ ಮಾಡಿರುತ್ತೀರಿ, ಹಾಗಾಗಿ ಸೀದಾ ವಿಷಯಕ್ಕೆ ಬರುತ್ತೇನೆ.

ನನ್ನ ಲೆಕ್ಕ ಎರಡೇ ಅಕ್ಷರದ್ದು. ಕೆಲಸದಲ್ಲಿ ಕೆಟ್ಟದ್ದು ಆದ ದಿನ ಏನೂ ಬರೆಯಬಾರದು. ಕೆಟ್ಟ ದಿನ ಎಲ್ಲರಿಗೂ ಕೆಟ್ಟದ್ದೇ, ಅದರಿಂದ ಏನೂ ಗೊತ್ತಾಗಲ್ಲ. ಏನಾದರೂ ಚೆನ್ನಾಗಿ ಆದ ದಿನ ಮಾತ್ರ ಸಂಜೆ ಕೂತು ನೆನಪಿಸಿಕೊಳ್ಳಬೇಕು: ಅದು ಆದಾಗ ಬಾಯಿಗೆ ಮೊದಲು ಬಂದ ಮಾತು ಯಾವುದು? 'ಮಾಡಿದೆ' ಅಂತಾದರೆ ಡೈರಿಯಲ್ಲಿ 'ಮಾ'. 'ಮುಗೀತಪ್ಪ' ಅಂತಾದರೆ 'ಮು'. ಗೆಳೆಯರು ಇದನ್ನು ನೋಡಿ ಬಿದ್ದು ಬಿದ್ದು ನಕ್ಕರು. ನಗಲಿ, ಅವರಲ್ಲಿ ಇಬ್ಬರು ಈಗ ಅದೇ ಡೈರಿ ಇಟ್ಟಿದ್ದಾರೆ.

ಮೊದಲ ಸಲ ಐದು ವಾರ ಬರೆದೆ. ಎಲ್ಲಾ 'ಮು'. ದೊಡ್ಡ ಕಸ್ಟಮರ್ ಆಡಿಟ್ ಒಂದೂ ತಪ್ಪು ಇಲ್ಲದೆ ಪಾಸಾಯ್ತು, ಅವತ್ತೂ 'ಮು'. ನಾನು ಸುಮ್ನೆ ನಿರ್ಧಾರ ಮಾಡಿಬಿಟ್ಟೆ, ಈ ಕಸುಬೇ ನನ್ನದಲ್ಲ ಅಂತ. ಇಲ್ಲೇ ನಾನು ಎಡವಿದ್ದು, ಮತ್ತು ಇದಕ್ಕೆ ದುಡ್ಡು ಕೊಟ್ಟೆ.

ಮಾವನವರ ಊರು ವಿಜಯಪುರದ ಕಡೆ, ತಿಕೋಟಾ ಹತ್ತಿರ. ಅಲ್ಲಿ ದ್ರಾಕ್ಷಿ ಖರೀದಿ ಮಾಡಿ, ಒಣಗಿಸುವ ಶೆಡ್ ಬಾಡಿಗೆಗೆ ಹಿಡಿದು ಒಣದ್ರಾಕ್ಷಿ ಮಾಡಿ ಮಾರೋಣ ಅಂತ ಇಳಿದೆ. ಕೆಲಸ ಬಿಟ್ಟಿರಲಿಲ್ಲ, ಅಷ್ಟು ಬುದ್ಧಿ ಉಳಿದಿತ್ತು. ಶನಿವಾರ ರಾತ್ರಿ ಬಸ್ಸು, ಸೋಮವಾರ ಬೆಳಿಗ್ಗೆ ವಾಪಸ್. ಹಾಕಿದ್ದು ಮೂರೂವರೆ ಲಕ್ಷದ ಆಸುಪಾಸು. ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿಗೆ ಒಂದು ಕೆಜಿ ಒಣಗಿದ್ದು ಸಿಗುತ್ತೆ, ಹಾಗಾಗಿ ಲೆಕ್ಕ ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಬೇಗ ಒಣಗಲಿ ಅಂತ ಡಿಪ್ಪಿಂಗ್ ಆಯಿಲ್‌ನಲ್ಲಿ ಅದ್ದಿ ಬಲೆಯ ಮೇಲೆ ಹರಡಿ ಒಂದು ವಾರ ಆಗಿರಬೇಕು, ಅಕಾಲ ಮಳೆ ಬಂತು. ಮಾಲು ಕಪ್ಪಾಯ್ತು. ಕಪ್ಪು ಮಾಲಿಗೆ ಯಾರು ರೇಟು ಕೊಡ್ತಾರೆ? ಎರಡು ಲಕ್ಷ ಚಿಲ್ಲರೆ ಹೋಯ್ತು.

ಆದರೆ ಒಂದು ಸಿಕ್ಕಿತು. ಮಳೆ ನಿಂತ ಮೇಲೆ ಶೆಡ್‌ನಲ್ಲಿ ನಾನು ಎರಡು ದಿನ ಪ್ರತಿ ಅಂತಸ್ತಿನ ಬಲೆಯಿಂದ ಒಂದೊಂದು ಹಿಡಿ ತೆಗೆದು, ಕಪ್ಪು ಎಷ್ಟು, ಹಸಿರು ಎಷ್ಟು ಅಂತ ಎಣಿಸಿ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಪಡುವಣ ಬದಿಯ ಕೆಳಗಿನ ಎರಡು ಅಂತಸ್ತು ಪೂರ್ತಿ ಹೋಗಿತ್ತು, ಮೇಲಿನದು ಅರ್ಧಕ್ಕರ್ಧ ಉಳಿದಿತ್ತು. ಮಾವನವರು ಬಾಗಿಲಲ್ಲಿ ನಿಂತು ನೋಡಿ, "ಅಳಿಯಂದ್ರ, ನೀವು ದ್ರಾಕ್ಷಿ ಒಣಗಸಾಕ ಬಂದೀರೋ, ಆಡಿಟ್ ಮಾಡಾಕ ಬಂದೀರೋ?" ಅಂದರು. ದುಡ್ಡು ಕಳೆದುಕೊಂಡವನು ನಾನು, ಆದರೆ ಆ ಎರಡು ದಿನ ಖುಷಿಯಾಗಿದ್ದೆ. ಬೇಸತ್ತು ತಪ್ಪಿಸಿಕೊಂಡು ಬಂದ ಕೆಲಸವನ್ನೇ ಯಾರೂ ಹೇಳದೆ ಅಲ್ಲಿ ಮಾಡುತ್ತಿದ್ದೆ.

ಆಮೇಲೆ ತಿಳಿಯಿತು. ಡೈರಿ ಸರಿ ಇತ್ತು, ಬರೆದ ಕಾಲ ತಪ್ಪು. ರಾತ್ರಿ ಹನ್ನೊಂದಕ್ಕೂ ಕಸ್ಟಮರ್ ಫೋನ್, ನಿದ್ದೆ ಐದು ತಾಸು. ಆ ಸ್ಥಿತಿಯಲ್ಲಿ ಮನುಷ್ಯನಿಗೆ 'ಮುಗೀತು' ಬಿಟ್ಟು ಬೇರೆ ಮಾತು ಬರೋದೇ ಇಲ್ಲ. ಪಾಯಸ ಕೊಟ್ಟರೂ 'ತಿಂದು ಮುಗೀತು' ಅಂತಾನೆ. ಮೊದಲು ದಣಿವು ಇಳಿಯಬೇಕು, ಆಮೇಲೆ ಅಳೆಯಬೇಕು.

ಹಾಗಾಗಿ ಉಳಿದಿದ್ದ ರಜೆಯೆಲ್ಲ ಸೇರಿಸಿ 26 ದಿನ ತೆಗೆದುಕೊಂಡೆ. ಎಲ್ಲೂ ಹೋಗಲಿಲ್ಲ. ಅದಕ್ಕೂ ಮುಂಚೆ ರಕ್ತ ಪರೀಕ್ಷೆ ಮಾಡಿಸಿದೆ, ಥೈರಾಯ್ಡ್ ಸರಿ ಇತ್ತು, ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಆಯ್ತು. ಇದನ್ನು ಬಿಡಬೇಡಿ, ಬಿ12 ಕಡಿಮೆಯಾದ ಸುಸ್ತನ್ನು ಕಸುಬಿನ ಮೇಲೆ ಹಾಕಿದರೆ ಎಲ್ಲಾ ಲೆಕ್ಕ ತಪ್ಪುತ್ತೆ. ಮೊದಲ ಹತ್ತು ದಿನ ಬರೀ ನಿದ್ದೆ ಮತ್ತು ಸಿಡುಕು, ಹೆಂಡತಿಯನ್ನೇ ಕೇಳಬೇಕು. ಹದಿನೆಂಟನೇ ದಿನವೋ ಏನೋ, ಚಹಾ ಅಂಗಡಿಯಲ್ಲಿ ಬೆಂಚಿನ ಎರಕದ ಕಾಲಿನಲ್ಲಿ ತೂತು ಕಂಡು, ಇದು ಗ್ಯಾಸ್‌ನಿಂದ ಬಂದ ಬ್ಲೋ ಹೋಲೋ, ಕುಗ್ಗಿ ಆದ ಶ್ರಿಂಕೇಜೋ ಅಂತ ಬೆರಳಿಟ್ಟು ನೋಡಿದೆ. ಅಲ್ಲಿಂದ ಡೈರಿ ಮತ್ತೆ ಶುರು.

ಈ ಸಲ ಕಂಪನಿಯಲ್ಲಲ್ಲ. ಮಚ್ಛೆಯಲ್ಲಿ ಗೆಳೆಯನ ಸಣ್ಣ ಫೌಂಡ್ರಿ ಇದೆ, ಆರು ಶನಿವಾರ ಪುಕ್ಕಟೆ ಹೋದೆ. ಅದೇ ಕೆಲಸ, ಆದರೆ ಬಾಸ್ ಇಲ್ಲ, ಮೇಲ್ ಇಲ್ಲ. ಅವನ ಪಂಪ್ ಹೌಸಿಂಗ್‌ನಲ್ಲಿ ರಿಜೆಕ್ಷನ್ 11 ಪರ್ಸೆಂಟ್ ಹತ್ತಿರ, ಎಲ್ಲಾ ಬ್ಲೋ ಹೋಲ್. ಮರಳಿನ ತೇವ ಬೆಳಿಗ್ಗೆ ನೋಡಿದರೆ ಸರಿಯಾಗೇ ಬರುತ್ತಿತ್ತು. ಎರಡು ಶನಿವಾರ ಏನೂ ಹೊಳೆಯಲಿಲ್ಲ. ಮೂರನೆಯದಕ್ಕೆ ಪ್ರತಿ ಮೋಲ್ಡ್, ಅಂದರೆ ಮರಳಿನ ಅಚ್ಚಿನ ಮೇಲೆ, ಅದನ್ನು ಮುಚ್ಚಿದ ಸಮಯ ಬರೆಸಿದೆ. ಕೆಟ್ಟ ಪೀಸುಗಳು ಜಾಸ್ತಿ ಬಂದದ್ದು ಊಟಕ್ಕೆ ಮುಂಚೆ ಮುಚ್ಚಿ, ಊಟ ಆದ ಮೇಲೆ ಲೋಹ ಸುರಿದ ಮೋಲ್ಡ್‌ಗಳಲ್ಲಿ. ಒಡೆದ ಅಚ್ಚಿನಿಂದ ವಾಪಸ್ ಬರುವ ಮರಳು ಇನ್ನೂ ಬಿಸಿ ಇರುತ್ತಿತ್ತು, ಅದರ ಹಬೆ ಪೀಸಿನಲ್ಲಿ ಟೊಳ್ಳು ಬರಲೆಂದು ಒಳಗಿಟ್ಟ ತಣ್ಣನೆಯ ಕೋರ್ ಮೇಲೆ ನೀರಾಗಿ ಕೂರುತ್ತಿತ್ತು. ಊಟಕ್ಕೆ ಮುಂಚೆ ಮುಚ್ಚೋದು ನಿಲ್ಲಿಸಿ, ಮರಳು ಆರಲು ಬಿಟ್ಟದ್ದಕ್ಕೆ ನಾಲ್ಕೋ ಐದೋ ಪರ್ಸೆಂಟ್‌ಗೆ ಇಳಿಯಿತು. ಅವತ್ತು ನನಗೆ ಊಟ ಮರೆತೇ ಹೋಗಿತ್ತು. ಆರು ಶನಿವಾರದಲ್ಲಿ ನಾಲ್ಕು 'ಮಾ', ಒಂದು 'ಮು', ಒಂದು ಖಾಲಿ.

ಅಂದರೆ ಕಸುಬು ನನ್ನದೇ, ಕುರ್ಚಿ ಕೊಳೆತಿತ್ತು. ರಿಜೆಕ್ಷನ್ ಬಂದರೆ ಬೈಗುಳ ನನಗೆ, ಆದರೆ ಮರಳನ್ನಾಗಲಿ ಊಟದ ಹೊತ್ತನ್ನಾಗಲಿ ಬದಲಿಸುವ ಅಧಿಕಾರ ನನಗಿರಲಿಲ್ಲ. ಹೆಡ್ ಹುದ್ದೆ ಬಿಟ್ಟು ಬೇರೆ ಕಡೆ ಎರಕದ ವಿಧಾನವನ್ನೇ ಸರಿಪಡಿಸುವ ಪ್ರೊಸೆಸ್ ಕೆಲಸಕ್ಕೆ ಸೇರಿದೆ. ಈಗ 1.1 ಲಕ್ಷ. ಮೂವತ್ತು ಸಾವಿರ ಕಡಿಮೆ, ಮನೆ ಸಾಲದ ಕಂತು ಇರುವವನಿಗೆ ಇದು ಚುಚ್ಚುತ್ತೆ, ಸುಳ್ಳು ಹೇಳಲ್ಲ.

ಎಲ್ಲರಿಗೂ ಇದೇ ಉತ್ತರ ಬರಲ್ಲ. ಬಾಗಲಕೋಟೆಯಲ್ಲಿ ಬ್ಯಾಂಕ್ ಆಫೀಸರ್ ಆಗಿರುವ ನನ್ನ ಕಾಕಾನ ಮಗ ಒಳ್ಳೆ ನಿದ್ದೆ, ಒಳ್ಳೆ ಮ್ಯಾನೇಜರ್, ಆರು ಗಂಟೆಗೆ ಮನೆ, ಎಲ್ಲಾ ಇದ್ದೂ ಎರಡು ತಿಂಗಳು ಬರೆದ. ಟಾರ್ಗೆಟ್ ಮುಟ್ಟಿದ ದಿನವೂ 'ಮು'. ಅದೇ ಹುಡುಗ ಭಾನುವಾರ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದರೆ 'ಮಾ', ಅದೂ ಕೇಳದೆ. ಅವನಿಗೆ ವಿಶ್ರಾಂತಿ ಬೇಕಿಲ್ಲ. "ಅಣ್ಣಾ, ಇನ್ನ ಎಷ್ಟ್ ದಿನ ಬರೀಲಿ?" ಅಂದ. ಬೇಡ ಅಂದೆ, ಬಿ.ಎಡ್. ಅರ್ಜಿ ನೋಡು ಅಂದೆ.

ಮೂರನೆಯದೂ ಒಂದಿದೆ. ಕೆಲಸದಲ್ಲೂ ಇಲ್ಲ, ಮನೆಯಲ್ಲೂ ಇಲ್ಲ, ಮಕ್ಕಳು ಬಂದು ತಬ್ಬಿದರೂ ಏನೂ ಅನಿಸಲ್ಲ ಅಂತಾದರೆ ಡೈರಿ ಬದಿಗಿಡಿ. ಅದು ಡಾಕ್ಟರ್ ನೋಡುವ ವಿಷಯ, ಧಾರವಾಡದಲ್ಲಿ ಡಿಮ್ಹಾನ್ಸ್ ಅಂತ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೂ ಮಾತಾಡ್ತಾರೆ.

ಡೈರಿ ಇಟ್ಟು ನನ್ನ ಹತ್ತಿರ ಬಂದವರಿಗೆ ಮೂರನೇ ವಾರ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಮೊದಲೇ ಗೊತ್ತಾದರೆ ಉತ್ತರ ತಯಾರು ಮಾಡಿಕೊಂಡು ಬರ್ತೀರಿ. ಕಪ್ಪು ದ್ರಾಕ್ಷಿ ಇನ್ನೂ ಎರಡು ಡಬ್ಬಿ ಮನೆಯಲ್ಲಿದೆ, ರುಚಿಗೇನೂ ಮೋಸ ಇಲ್ಲ, ಬೇಕಾದವರು ಬಂದು ಒಯ್ಯಿರಿ.