ನಾಲ್ಕನೇ ಅಧ್ಯಾಯವನ್ನು ಉಲ್ಟಾ ಮಾಡಿ ವೈವಾಗೆ ಹೋದದ್ದು

ಥೀಸಿಸ್ ವೈವಾಗೆ ಇಪ್ಪತ್ತು ಚಿಲ್ಲರೆ ಸ್ಲೈಡ್ ಸಾಕು ಎಂದಾಗ ನಮ್ಮ ವಿಭಾಗದಲ್ಲಿ ನಕ್ಕವರೇ ಜಾಸ್ತಿ. ಸೀನಿಯರ್‌ಗಳೆಲ್ಲ ಅರವತ್ತು, ಎಪ್ಪತ್ತು ಸ್ಲೈಡ್ ತೋರಿಸಿ ಪಾಸಾದವರು. ಒಂದನೇ ಅಧ್ಯಾಯದಿಂದ ಶುರು ಮಾಡಿ ಕೊನೆಯದಕ್ಕೆ ಬರುವಷ್ಟರಲ್ಲಿ ಎದುರಿಗೆ ಕೂತವರು ವಾಚ್ ನೋಡುತ್ತಿರುತ್ತಾರೆ. ನಾನು ನಾಲ್ಕನೇ ಅಧ್ಯಾಯವೊಂದನ್ನೇ ಹಿಡಿದುಕೊಂಡೆ. ಉಳಿದವಕ್ಕೆ ತಲಾ ಒಂದು ಸ್ಲೈಡ್. ಕೆಲಸ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಕೋಲಾರದ ಅಂತರ್ಜಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರಲ್ಲ, ಆ ನೀರು ಬಂದ ಒಂದು ಕೆರೆಯ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಮಟ್ಟ ಏನಾಯಿತು ಎಂಬುದೇ ಆ ಅಧ್ಯಾಯ. ಹತ್ತಿರಹತ್ತಿರ ಎಂಬತ್ತು ಪುಟ. ಟೇಬಲ್‌ಗಳೇ ಮೂವತ್ತರಷ್ಟು.

ಮೊದಲು ಎಲ್ಲರಂತೆ ಅಧ್ಯಾಯದ ಕ್ರಮದಲ್ಲೇ ಮಾಡಿದ್ದೆ. ಅಧ್ಯಯನ ಪ್ರದೇಶ, ವಿಧಾನ, ಫಲಿತಾಂಶ, ಚರ್ಚೆ. ಜೂನಿಯರ್‌ಗಳನ್ನು ಕೂರಿಸಿ ಒಂದು ಅಣಕು ವೈವಾ ಮಾಡಿದರೆ, ಮುಕ್ಕಾಲು ಗಂಟೆ ಕಳೆದರೂ ವಿಧಾನದಲ್ಲೇ ಇದ್ದೆ. ನುಡಿಯಲ್ಲಿ ಊರ ಹೆಸರು ಟೈಪ್ ಮಾಡಿದ ನಕ್ಷೆ ವಿಭಾಗದ ಕಂಪ್ಯೂಟರ್‌ನಲ್ಲಿ ಬರೀ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಬಂತು. ಅದೆಲ್ಲ ಇರಲಿ. ನಿಜವಾದ ತೊಂದರೆ ಬೇರೆ. ಕೊನೆಯಲ್ಲಿ ಒಬ್ಬ ಜೂನಿಯರ್ ಕೇಳಿದ: "ಸರ್, ಮಳೆ ಬಂದು ನೀರು ಏರಿರಬಹುದಲ್ವಾ?" ಉತ್ತರ ನನ್ನ ಹತ್ತಿರ ಇತ್ತು. ಆದರೆ ಮಳೆ ಒಂದು ಟೇಬಲ್‌ನಲ್ಲಿ, ನೀರಿನ ಮಟ್ಟ ಹತ್ತು ಪುಟ ಆಚೆ, ಕ್ಲೋರೈಡ್ ಇನ್ನೂ ಆಚೆ. ಮೂರನ್ನೂ ಹುಡುಕಿ ತೋರಿಸುವಷ್ಟರಲ್ಲಿ ಅವನಿಗೆ ಪ್ರಶ್ನೆಯೇ ಮರೆತುಹೋಗಿತ್ತು. ಎಕ್ಸ್‌ಟರ್ನಲ್ ಪರೀಕ್ಷಕರು ಮರೆಯುವುದಿಲ್ಲ.

ಆಮೇಲೆ ಅಧ್ಯಾಯದ ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಕೂತೆ. ನಾನು ಏನನ್ನಾದರೂ ಒಪ್ಪಿಸಲು ಹೊರಟ ಕಡೆಯೆಲ್ಲ ಗೆರೆ ಎಳೆದೆ. 'ಡ್ಯೂ ಟು' ಎಂದು ಬರೆದಲ್ಲಿ 'ಬೇರೆ ಕಾರಣ ಯಾಕಲ್ಲ?' 'ಸಿಗ್ನಿಫಿಕೆಂಟ್' ಎಂದಲ್ಲಿ 'ಯಾವ ಟೆಸ್ಟ್?' 'ಆವರೇಜ್' ಎಂದಲ್ಲಿ 'ಸರಾಸರಿ ತೆಗೆಯಬಹುದಾ?' ಅಂಚಿನಲ್ಲಿ ಬರೆದದ್ದು ನಲವತ್ತೋ ಐವತ್ತೋ ಪ್ರಶ್ನೆ. ಅದರ ಪಕ್ಕ ಥೀಸಿಸ್ ಓದಿದ ಪರೀಕ್ಷಕರ ರಿಪೋರ್ಟ್‌ಗಳನ್ನಿಟ್ಟೆ. ರಿಪೋರ್ಟ್ ಕೈಗೆ ಬಂದಿದ್ದರೂ ನಮ್ಮವರು 'ಕಮೆಂಡೆಡ್' ಎಂಬುದನ್ನು ಓದಿ ಖುಷಿಪಟ್ಟು ಮಡಿಚಿಡುತ್ತಾರೆ. ಅದರೊಳಗೆ ಅರ್ಧ ವೈವಾ ಇರುತ್ತದೆ. ರಿಪೋರ್ಟನ್ನು ಹೇಗೆ ಓದಬೇಕು ಎನ್ನುವುದರಲ್ಲಿ ನನ್ನದೊಂದು ಉಪಾಯ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸಿಕ್ಕಾಗ ಕೇಳಿ.

ಪ್ರಶ್ನೆಗಳನ್ನು ಗುಂಪು ಮಾಡಿದಾಗ ನಾಲ್ಕೇ ಉಳಿದವು. ದೊಡ್ಡದು ಅದೇ ಮಳೆಯದು. ಅದಕ್ಕೆ ಒಂದೇ ಸ್ಲೈಡ್ ಮಾಡಿದೆ. ಕೆಳಗೆ ತಿಂಗಳ ಮಳೆಯ ಕಂಬಗಳು. ಮೇಲೆ ಎರಡು ಗೆರೆ: ಯೋಜನೆಯ ನೀರು ಬಂದ ಕೆರೆಯ ಸುತ್ತಲಿನ ಬೋರ್‌ವೆಲ್‌ಗಳದ್ದು ಒಂದು, ಅದೇ ಮಳೆ ಬಿದ್ದರೂ ಯೋಜನೆಯ ನೀರು ಬಾರದ ಕೆರೆಯದ್ದು ಇನ್ನೊಂದು. ಮೊದಲ ಎರಡು ವರ್ಷ ಒಂದು ಗೆರೆ ಏರುತ್ತದೆ, ಇನ್ನೊಂದು ಇದ್ದಲ್ಲೇ ಇರುತ್ತದೆ. 2021ರ ಕೊನೆಯಲ್ಲಿ ಆ ಜೋರು ಮಳೆಗೆ ಕೆರೆಗಳು ಕೋಡಿ ಹರಿದವಲ್ಲ, ಅಲ್ಲಿಂದ ಎರಡೂ ಒಟ್ಟಿಗೆ ಏರುತ್ತವೆ. ಆ ಜಾಗದಲ್ಲಿ ಒಂದು ಕೆಂಪು ಗೆರೆ ನಿಲ್ಲಿಸಿ 'ನನ್ನ ವಾದ ಇಲ್ಲಿಯವರೆಗೆ ಮಾತ್ರ' ಎಂದು ಬರೆದೆ.

ಗೈಡ್‌ಗೆ ಇದು ಹಿಡಿಸಲಿಲ್ಲ. "ನೀನೇ ಯಾಕಪ್ಪ ಕೈ ಎತ್ತುತ್ತೀಯ?" ಎಂದರು. ಕೆಂಪು ಗೆರೆ ಇಲ್ಲದಿದ್ದರೆ ಪರೀಕ್ಷಕರು ಮೊದಲು ಕೈ ಇಡುವುದೇ 2021ರ ಮೇಲೆ. ಗೆರೆ ಇದ್ದರೆ ಆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಮುಂದಿನದು ಎಡಗಡೆಯ ಭಾಗದ ಮೇಲೇ ಬರಬೇಕು, ಅಲ್ಲಿ ನಾನು ಗಟ್ಟಿ.

ಎಡಗಡೆಗೆ ಇಟ್ಟಿದ್ದು ಕ್ಲೋರೈಡ್. ಸಾಮಾನ್ಯ ಸಂಸ್ಕರಣೆಯಲ್ಲಿ ಕ್ಲೋರೈಡ್ ಹೋಗುವುದಿಲ್ಲ, ಮಳೆ ನೀರಿನಲ್ಲಿ ಅದು ಇರುವುದೇ ಅಲ್ಪ. ಬೋರ್‌ವೆಲ್‌ನಲ್ಲಿ ಮಟ್ಟದ ಜೊತೆ ಕ್ಲೋರೈಡೂ ಏರಿದರೆ ಬರೀ ಮಳೆ ಎನ್ನಲಾಗದು. ಆದರೆ ಇಲ್ಲಿಗೆ ನಿಲ್ಲಿಸಿದರೆ ಮುಂದಿನ ಪೆಟ್ಟು ಬೀಳುತ್ತದೆ: ಊರೊಳಗಿನ ಶೌಚದ ಗುಂಡಿಯಿಂದಲೂ ಕ್ಲೋರೈಡ್ ಬರುತ್ತದೆ, ಹೊಲಕ್ಕೆ ಹಾಕುವ ಪೊಟ್ಯಾಶ್ ಗೊಬ್ಬರದಿಂದಲೂ ಬರುತ್ತದೆ. ಊರೊಳಗಿನ ಬೋರ್‌ವೆಲ್‌ಗಳನ್ನು ತೆಗೆದು ಅದೇ ಚಿತ್ರ ಮತ್ತೆ ಬರೆದು ಬ್ಯಾಕಪ್‌ನಲ್ಲಿಟ್ಟೆ. ಏರಿಕೆ ಸ್ವಲ್ಪ ಕಡಿಮೆಯಾಯಿತು, ಹೋಗಲಿಲ್ಲ. ಗೊಬ್ಬರಕ್ಕೆ ಎರಡನೇ ಕೆರೆಯೇ ಉತ್ತರ. ಅಲ್ಲೂ ಅದೇ ಟೊಮ್ಯಾಟೊ, ಅದೇ ಗೊಬ್ಬರ, ಕ್ಲೋರೈಡ್ ಮಾತ್ರ ಏರಿಲ್ಲ.

ಬ್ಯಾಕಪ್ ಸ್ಲೈಡ್‌ಗಳು ಧನ್ಯವಾದದ ನಂತರ ಇರುತ್ತವೆ, ಹದಿನೈದರಷ್ಟು. ಅವನ್ನು ಹುಡುಕಲು ಹಿಂದೆ ಮುಂದೆ ಓಡಿಸಬಾರದು. ಶೋ ನಡೆಯುತ್ತಿರುವಾಗಲೇ ಸ್ಲೈಡ್ ನಂಬರ್ ಒತ್ತಿ ಎಂಟರ್ ಕೊಟ್ಟರೆ ನೇರ ಅಲ್ಲಿಗೇ ಹೋಗುತ್ತದೆ. ಪ್ರಶ್ನೆ ಮತ್ತು ನಂಬರ್ ಬರೆದ ಅರ್ಧ ಹಾಳೆ ಕೈಯಲ್ಲಿದ್ದರೆ ಸಾಕು. ಕೊನೆ ಗಳಿಗೆಯಲ್ಲಿ ನಡುವೆ ಸ್ಲೈಡ್ ಸೇರಿಸಿದರೆ ನಂಬರ್‌ಗಳೆಲ್ಲ ಕೆಡುತ್ತವೆ, ಹುಷಾರು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಸ್ಲೈಡ್‌ನ ತಲೆಬರಹವನ್ನೇ ಪ್ರಶ್ನೆಯಾಗಿ ಬರೆದೆ: 'ಇದು ಮಳೆಯಿಂದ ಆದದ್ದೇ?' ಅಣಕು ವೈವಾಗೆ ಬಂದ ನಿವೃತ್ತ ಮೇಷ್ಟ್ರೊಬ್ಬರು ಸಿಟ್ಟಾದರು. "ಪ್ರಶ್ನೆ ಕೇಳೋದು ನಿನ್ನ ಕೆಲಸವೋ, ನಮ್ಮದೋ?" ಸರಿ ಎಂದು ತಲೆಬರಹಕ್ಕೆ ಉತ್ತರ ಹಾಕಿ, ಪ್ರಶ್ನೆಯನ್ನು ಕೆಳಗಿನ ನೋಟ್ಸ್‌ಗೆ ಇಳಿಸಿದೆ. ಅದೇ ಚೆನ್ನಾಗಿತ್ತು.

ವೈವಾ ದಿನ ಅರ್ಧ ಗಂಟೆ ಮಾತಾಡಿದೆ. ಎಕ್ಸ್‌ಟರ್ನಲ್ ಕನ್ನಡಕ ತೆಗೆದು, "ಅಲ್ರೀ, ಕ್ಲೋರೈಡ್ ಊರ ಕೊಳಕಿನದಲ್ವೇನ್ರಿ?" ಎಂದರು. 27, ಎಂಟರ್. ಹಿಂದಿನ ಸಾಲಿನಲ್ಲಿ ನಕ್ಕಿದ್ದ ಸೀನಿಯರ್‌ಗಳ ಮುಖ ನೋಡಬೇಕಿತ್ತು. ಆಮೇಲೆ ಮಟ್ಟ ಅಳೆದದ್ದು ಹೇಗೆ ಎಂದರು. ಪಂಪ್ ಓಡಿದ ಬೋರ್‌ವೆಲ್‌ನಲ್ಲಿ ಟೇಪ್ ಬಿಟ್ಟರೆ ಸುಳ್ಳು ಮಟ್ಟ ಸಿಗುತ್ತದೆ. ತ್ರೀ ಫೇಸ್ ಕರೆಂಟ್ ಬರುವ ಮೊದಲು, ರಾತ್ರಿಯೆಲ್ಲ ಸುಮ್ಮನಿದ್ದ ಬೋರ್‌ವೆಲ್‌ನಲ್ಲಿ ಮಾತ್ರ ಅಳೆದಿದ್ದೆ. ಅದಕ್ಕೂ ಸ್ಲೈಡ್ ಇತ್ತು. ಸರಾಸರಿ ಯಾಕೆ ಎಂದದ್ದಕ್ಕೂ ಇತ್ತು: ನಮ್ಮದು ಬಿರುಕು ಬಂಡೆ, ನೂರು ಅಡಿ ಅಂತರದಲ್ಲಿ ಒಂದು ತುಂಬಿ ಇನ್ನೊಂದು ಒಣಗಿರುತ್ತದೆ, ಹಾಗಾಗಿ ಸರಾಸರಿ ಬಿಟ್ಟು ಮೀಡಿಯನ್ ಹಾಕಿ ಪ್ರತಿ ಬೋರ್‌ವೆಲ್‌ನ ಗೆರೆಯನ್ನೂ ತಿಳಿಬಣ್ಣದಲ್ಲಿ ಹಿಂದೆ ಬಿಟ್ಟಿದ್ದೆ. ಸಂಸ್ಕರಿಸಿದ ನೀರಿನ ಭಾರ ಲೋಹಗಳ ಬಗ್ಗೆ ಕೇಳಿದ್ದಕ್ಕೆ ಮಾತ್ರ ಡೇಟಾ ಇರಲಿಲ್ಲ. 'ಅಳೆದಿಲ್ಲ' ಎಂಬ ಪಟ್ಟಿಯ ಸ್ಲೈಡ್ ತೋರಿಸಿದೆ.

ಒಂದು ಮಾತು. ಬರೀ ವಿವರಣೆಯ ಅಧ್ಯಾಯಕ್ಕೆ ಇದು ಒಗ್ಗುವುದಿಲ್ಲ. ನನ್ನ ಜೂನಿಯರ್ ತಾಲೂಕುವಾರು ಬೆಳೆಗಳ ಅಧ್ಯಾಯಕ್ಕೆ ಇದೇ ಮಾಡಲು ಹೋಗಿ ಒದ್ದಾಡುತ್ತಿದ್ದಾನೆ. ಅಲ್ಲಿ ಯಾರಾದರೂ ಅಲ್ಲಗಳೆಯುವಂಥ ವಾದವೇ ಇಲ್ಲ.

ಖರ್ಚು ಹೇಳುವುದಾದರೆ, ಚಿತ್ರಗಳನ್ನು ಡಿಟಿಪಿ ಅಂಗಡಿಯಲ್ಲಿ ಬರೆಸಿದ್ದಕ್ಕೆ ಸುಮಾರು ಎರಡು ಸಾವಿರ. ಕೊಟ್ಟದ್ದು ದಂಡ, ಗೆರೆ ಜರುಗಿಸಿದಾಗಲೆಲ್ಲ ಮತ್ತೆ ದುಡ್ಡು. ಕೊನೆಗೆ ಎಕ್ಸೆಲ್‌ನಲ್ಲಿ ನಾನೇ ಮಾಡಿದೆ. ಅಣಕು ವೈವಾಗಳ ಟೀ, ಬನ್ನಿಗೆ ಏಳೆಂಟು ನೂರು. ಪ್ರೊಜೆಕ್ಟರ್‌ನ ಹಳೇ ಪಿನ್ನಿಗೆ ಕನೆಕ್ಟರ್ ಮುನ್ನೂರು. ಲೆಕ್ಕ ಮುಗಿಯಿತು ಎಂದುಕೊಂಡರೆ, ಎಕ್ಸ್‌ಟರ್ನಲ್ ತಿದ್ದುಪಡಿಯಲ್ಲಿ ಬರೆದರು: ಕೆಂಪು ಗೆರೆಯ ಆ ಚಿತ್ರ ಥೀಸಿಸ್‌ನಲ್ಲೇ ಇರಬೇಕು. ಪುಟ ಸೇರಿಸಿ ಅಷ್ಟೂ ಪ್ರತಿಗಳಿಗೆ ಹೊಸ ಬೈಂಡಿಂಗ್. ಅದಕ್ಕೆ ಹೋದದ್ದು ಇನ್ನೆರಡು ಸಾವಿರದ ಮೇಲೆ.